ಒಂದೇ ತೀರ್ಪಿಗೆ ಮೂರು ವಿಳಾಸ

ಪಿಟಿಸಿಎಲ್ ಕಾಯ್ದೆಯ ಮೇಲೆ ಎಲ್‌ಎಲ್‌ಎಂ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕರಡನ್ನು ಓದಿ ನೋಡಿ ಎಂದು ತಂದುಕೊಟ್ಟಳು. ಕಾನೂನಿನ ಪ್ರಬಂಧ ಕೈಗೆ ಬಂದರೆ ನಾನು ಪೀಠಿಕೆಗಿಂತ ಮೊದಲು ತೀರ್ಪುಗಳ ಪಟ್ಟಿಯನ್ನು ಓದುತ್ತೇನೆ. ಬರೆದವರು ಮೂಲವನ್ನು ತೆರೆದು ನೋಡಿದ್ದಾರೋ, ಇನ್ನೊಬ್ಬರ ಅಡಿಟಿಪ್ಪಣಿಯಿಂದ ಎತ್ತಿಕೊಂಡಿದ್ದಾರೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಅವಳ ಪಟ್ಟಿಯಲ್ಲಿ ಈ ಮೂರು ಸಾಲುಗಳು ದೂರ ದೂರ ಕುಳಿತಿದ್ದವು. ಎರಡು ‘ಎಂ’ ಅಕ್ಷರದ ಕೆಳಗೆ, ಒಂದು ‘ಎಸ್’ ಅಕ್ಷರದ ಕೆಳಗೆ.

```
Manchegowda v. State of Karnataka, (1984) 3 SCC 301
Manche Gowda vs State of Karnataka AIR 1984 SC 1151
State of Karnataka v Manchegowda [1984] 3 SCR 502
```

“ಇಲ್ಲಿ ಎಷ್ಟು ತೀರ್ಪು ಇದೆಯಮ್ಮಾ?” ಎಂದು ಕೇಳಿದೆ. “ಮೂರು, ಸರ್” ಅಂದಳು. ಮೂರನ್ನೂ ತೆರೆಸಿದೆ. ಮೂರರಲ್ಲೂ ಅದೇ ನ್ಯಾಯಪೀಠ, ಅದೇ ದಿನಾಂಕ, 1984ರ ಏಪ್ರಿಲ್ 17. ಇದ್ದದ್ದು ಒಂದೇ ತೀರ್ಪು. ಒಂದು ಸಾಲಿನಲ್ಲಿ ಅವಳು ಹೆಸರನ್ನು ಒಡೆದು ಬರೆದಿದ್ದಳು, ಇನ್ನೊಂದರಲ್ಲಿ ಮೇಲ್ಮನವಿದಾರ ಮತ್ತು ಎದುರುದಾರರನ್ನು ಅದಲುಬದಲು ಮಾಡಿದ್ದಳು. ಇದು ಬರೀ ಪಟ್ಟಿಯ ತಪ್ಪಾಗಿದ್ದರೆ ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಎರಡನೇ ಅಧ್ಯಾಯದಲ್ಲಿ ಅವಳು, ಈ ಕಾಯ್ದೆಯ ಸಾಂವಿಧಾನಿಕತೆಯನ್ನು ಸುಪ್ರೀಂ ಕೋರ್ಟ್ ಮೂರು ತೀರ್ಪುಗಳಲ್ಲಿ ಎತ್ತಿಹಿಡಿದಿದೆ ಎಂದು ಬರೆದುಬಿಟ್ಟಿದ್ದಳು. ಉಲ್ಲೇಖದ ತಪ್ಪು ಅಲ್ಲಿ ಕಾನೂನಿನ ತಪ್ಪಾಗಿತ್ತು.

ಪಿಟಿಸಿಎಲ್ ಎಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈಬಿಟ್ಟು ಹೋಗದಂತೆ ತಡೆಯುವ ಕರ್ನಾಟಕದ ಕಾಯ್ದೆ. ಅದರ 4ನೇ ಕಲಂ ಅಂಥ ಜಮೀನಿನ ಪರಭಾರೆಯನ್ನು ನಿಷೇಧಿಸುತ್ತದೆ. ಹಾಗೆ ಮಾರಿದ ಜಮೀನನ್ನು ಉಪವಿಭಾಗಾಧಿಕಾರಿ ವಾಪಸು ಪಡೆದು ಮೂಲ ಮಂಜೂರಿದಾರರಿಗೆ ಕೊಡಿಸುವ ದಾರಿಯನ್ನು 5ನೇ ಕಲಂ ಹೇಳುತ್ತದೆ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ನಿಂತ ಯಾರನ್ನು ಕೇಳಿದರೂ ಈ ನಾಲ್ಕು ಅಕ್ಷರ ಗೊತ್ತಿರುತ್ತದೆ. ಉಲ್ಲೇಖದ ಪದ್ಧತಿಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎಡವುವ ಜಾಗಗಳೆಲ್ಲ ಇದೊಂದರಲ್ಲೇ ಇವೆ.

ಮೊದಲು ತೀರ್ಪಿನ ವಿಳಾಸ ನೋಡೋಣ. ಒಂದೇ ತೀರ್ಪನ್ನು ಹಲವು ಪ್ರಕಾಶಕರು ತಮ್ಮ ತಮ್ಮ ಸಂಪುಟಗಳಲ್ಲಿ ಅಚ್ಚು ಹಾಕುತ್ತಾರೆ. ಈ ಸಂಪುಟಗಳಿಗೇ ಲಾ ರಿಪೋರ್ಟ್ ಎನ್ನುವುದು. ಎಸ್‌ಸಿಸಿ, ಅಂದರೆ ಸುಪ್ರೀಂ ಕೋರ್ಟ್ ಕೇಸಸ್, ವರ್ಷಕ್ಕೆ ಹಲವು ಸಂಪುಟ ಹೊರಡಿಸುತ್ತದೆ. ಪ್ರತಿ ವರ್ಷ ಸಂಪುಟದ ಎಣಿಕೆ ಮತ್ತೆ ಒಂದರಿಂದ ಶುರು. ಹಾಗಾಗಿ ಮೇಲಿನ ಮೊದಲ ಸಾಲನ್ನು ಓದುವುದು ಹೀಗೆ: 1984ರ ಮೂರನೇ ಸಂಪುಟ, 301ನೇ ಪುಟ. ಎಐಆರ್, ಅಂದರೆ ಆಲ್ ಇಂಡಿಯಾ ರಿಪೋರ್ಟರ್, ವರ್ಷವನ್ನು ಹೆಸರಿನ ನಂತರ ಇಡುತ್ತದೆ. ಅದರಲ್ಲಿ ಸಂಪುಟದ ಜಾಗಕ್ಕೆ ನ್ಯಾಯಾಲಯದ ಸಂಕೇತ ಬರುತ್ತದೆ, ಏಕೆಂದರೆ ಸುಪ್ರೀಂ ಕೋರ್ಟಿಗೂ ಒಂದೊಂದು ಹೈಕೋರ್ಟಿಗೂ ಅದರಲ್ಲಿ ಬೇರೆ ಬೇರೆ ಭಾಗಗಳಿವೆ. ‘ಎಸ್‌ಸಿ’ ಎಂಬ ಎರಡು ಅಕ್ಷರ ಬಿಟ್ಟುಹೋದರೆ 1151ನೇ ಪುಟ ಯಾವ ಭಾಗದ್ದು ಎಂದು ಹೇಳಲಾಗುವುದಿಲ್ಲ. ಎಸ್‌ಸಿಆರ್ ಎಂಬುದು ಸುಪ್ರೀಂ ಕೋರ್ಟಿನ ಅಧಿಕೃತ ವರದಿ.

ಹೊಸಬರು ಇಲ್ಲೊಂದು ತಪ್ಪು ಮಾಡುತ್ತಾರೆ. ಏಕರೂಪ ಬೇಕು ಎಂದುಕೊಂಡು ಎಐಆರ್ ವರ್ಷಕ್ಕೂ ಕಂಸ ಹಾಕಿ ಮುಂದಕ್ಕೆ ತರುತ್ತಾರೆ. ಏಕರೂಪ ಎಂದರೆ ಅದಲ್ಲ. ಪ್ರತಿಯೊಂದು ವರದಿಗೂ ಅದರದ್ದೇ ಕ್ರಮವಿದೆ, ಅದನ್ನು ಮುಟ್ಟಬಾರದು. ಏಕರೂಪ ಇರಬೇಕಾದದ್ದು ನಮ್ಮ ಕೈಯಲ್ಲಿರುವ ಸಂಗತಿಗಳಲ್ಲಿ: ಹೆಸರುಗಳ ನಡುವಿನ ‘ವಿ’ಗೆ ಚುಕ್ಕಿ ಇದೆಯೋ ಇಲ್ಲವೋ, ಹೆಸರು ಓರೆ ಅಕ್ಷರದಲ್ಲೋ ನೇರ ಅಕ್ಷರದಲ್ಲೋ, ಹೆಸರಾದ ಮೇಲೆ ಅಲ್ಪವಿರಾಮ ಬರುತ್ತದೋ ಇಲ್ಲವೋ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಕೇಳುವ ಪದ್ಧತಿಗಳು ಅಮೆರಿಕದ ಬ್ಲೂಬುಕ್, ಆಕ್ಸ್‌ಫರ್ಡಿನ ಆಸ್ಕೋಲಾ ಮತ್ತು ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ನಿಯಮಗಳು. ಆಸ್ಕೋಲಾದಲ್ಲಿ ‘ವಿ’ಗೆ ಚುಕ್ಕಿಯಿಲ್ಲ, ಸಂಕ್ಷಿಪ್ತ ರೂಪಗಳಿಗೂ ಚುಕ್ಕಿಯಿಲ್ಲ. ಬ್ಲೂಬುಕ್ಕಿನಲ್ಲಿ ಚುಕ್ಕಿ ಇದೆ. ಕಾಲೇಜು ಯಾವುದನ್ನು ಹೇಳಿದೆಯೋ ಅದನ್ನೇ ಹಿಡಿಯಬೇಕು. ಏನೂ ಹೇಳದಿದ್ದರೆ ಮಾರ್ಗದರ್ಶಕರನ್ನು ಕೇಳಿ ಒಂದನ್ನು ನಿಶ್ಚಯಿಸಿಕೊಂಡು, ಮೊದಲ ಅಡಿಟಿಪ್ಪಣಿ ಬರೆಯುವ ಮುನ್ನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು.

ಅದೇ ಹಾಳೆಯಲ್ಲಿ ಯಾವ ವರದಿಯನ್ನು ಉಲ್ಲೇಖಿಸುತ್ತೇವೆ ಎಂಬುದೂ ಇರಲಿ. ಅಡಿಟಿಪ್ಪಣಿಯಲ್ಲಿ ಮೂರು ವರದಿಗಳನ್ನೂ ಸಾಲಾಗಿ ಪೇರಿಸಿದರೆ ಪಾಂಡಿತ್ಯ ಕಾಣುತ್ತದೆ ಎಂಬ ನಂಬಿಕೆ ಹಲವರಿಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಮೂರು ಸಂಖ್ಯೆ ಬರೆದಲ್ಲಿ ತಪ್ಪಿಗೆ ಮೂರು ಅವಕಾಶ. ಸುಪ್ರೀಂ ಕೋರ್ಟ್ ತೀರ್ಪಿಗೆ ಎಸ್‌ಸಿಸಿ ಒಂದನ್ನೇ ಹಿಡಿಯಿರಿ. ಅದರಲ್ಲಿ ಇಲ್ಲದ್ದಕ್ಕೆ ಎಸ್‌ಸಿಆರ್, ಅದೂ ಇಲ್ಲದಿದ್ದರೆ ಎಐಆರ್ ಎಂಬ ಇಳಿಕೆಯ ಕ್ರಮ ಮಾಡಿಕೊಳ್ಳಿ. ಎಸ್‌ಸಿಸಿಗೆ ಚಂದಾ ಇಲ್ಲದ ಕಾಲೇಜಿನವರು ಎಸ್‌ಸಿಆರ್ ಅನ್ನೇ ಮೊದಲಿಗೆ ಇಟ್ಟುಕೊಳ್ಳಬಹುದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇ-ಎಸ್‌ಸಿಆರ್ ತಾಣವನ್ನು ತೆರೆದ ಮೇಲೆ ಅದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ.

ವರದಿಯನ್ನು ನಡುವೆ ಬದಲಿಸಬಾರದು ಎನ್ನಲು ಇನ್ನೊಂದು ಗಟ್ಟಿ ಕಾರಣವಿದೆ. ಹಳೆಯ ತೀರ್ಪುಗಳಲ್ಲಿ ಪ್ಯಾರಾ ಸಂಖ್ಯೆಗಳನ್ನು ಎಷ್ಟೋ ಸಲ ಹಾಕಿದವರು ವರದಿಯ ಸಂಪಾದಕರು. ಎಸ್‌ಸಿಸಿಯಲ್ಲಿ ಒಂದು ಸಂಖ್ಯೆ ಹೊತ್ತ ಪ್ಯಾರಾ ಎಐಆರ್‌ನಲ್ಲಿ ಬೇರೆ ಸಂಖ್ಯೆಯಲ್ಲಿರಬಹುದು. ನನ್ನ ವಿದ್ಯಾರ್ಥಿನಿ ಎಐಆರ್ ಓದಿ ಪ್ಯಾರಾ ಗುರುತು ಹಾಕಿಕೊಂಡಿದ್ದಳು. ಆಮೇಲೆ ಅಡಿಟಿಪ್ಪಣಿ ಚೆನ್ನಾಗಿ ಕಾಣಲಿ ಎಂದು ಎಸ್‌ಸಿಸಿ ಸಂಖ್ಯೆ ಬರೆದು, ಪ್ಯಾರಾ ಮಾತ್ರ ಹಳೆಯದನ್ನೇ ಉಳಿಸಿದ್ದಳು. ಹಾಗೆ ಬರೆದ ಟಿಪ್ಪಣಿಯನ್ನು ಹಿಡಿದು ಹೋದ ಪರೀಕ್ಷಕರಿಗೆ ಆ ಜಾಗದಲ್ಲಿ ಸಂಬಂಧವೇ ಇಲ್ಲದ ಮಾತು ಸಿಗುತ್ತದೆ. ಯಾವ ವರದಿಯನ್ನು ತೆರೆದು ಓದಿದ್ದೀರೋ ಅದನ್ನೇ ಬರೆಯಿರಿ. ಬದಲಿಸಬೇಕಿದ್ದರೆ ಹೊಸದನ್ನು ತೆರೆದು ಆ ಪ್ಯಾರಾವನ್ನು ಮತ್ತೆ ಹುಡುಕಿ.

ಈ ಗೊಂದಲ ನಿವಾರಿಸಲೆಂದೇ ನ್ಯಾಯಾಲಯಗಳು ಈಚೆಗೆ ನ್ಯೂಟ್ರಲ್ ಸೈಟೇಷನ್ ತಂದಿವೆ. ಇದು ಪ್ರಕಾಶಕರು ಕೊಡುವ ವಿಳಾಸವಲ್ಲ, ನ್ಯಾಯಾಲಯವೇ ತನ್ನ ತೀರ್ಪಿಗೆ ಕೊಡುವ ಸಂಖ್ಯೆ. ಸುಪ್ರೀಂ ಕೋರ್ಟ್ ಇದನ್ನು 2023ರಲ್ಲಿ ಶುರುಮಾಡಿ ಹಳೆಯ ತೀರ್ಪುಗಳಿಗೂ ಕೊಟ್ಟಿದೆ. ನಮ್ಮ ಹೈಕೋರ್ಟಿನ ಆದೇಶಗಳಲ್ಲೂ ಈಗ ಅದು ಕಾಣುತ್ತದೆ. ಎರಡರ ಅಚ್ಚು ಹೀಗಿರುತ್ತದೆ. ಕೋನದೊಳಗೆ ಆಯಾ ತೀರ್ಪಿನ ಸಂಖ್ಯೆ ಬರಬೇಕು.

```
2024 INSC <number>
2024:KHC-K:<number>-DB
```

ಎರಡನೆಯದರಲ್ಲಿ ಕೆಎಚ್‌ಸಿ ಎಂದರೆ ಕರ್ನಾಟಕ ಹೈಕೋರ್ಟ್, ಗೆರೆಯ ಪಕ್ಕದ ‘ಕೆ’ ಕಲಬುರಗಿ ಪೀಠ, ಅಲ್ಲಿ ‘ಡಿ’ ಇದ್ದರೆ ಧಾರವಾಡ. ಕೊನೆಯ ಎರಡು ಅಕ್ಷರ ವಿಭಾಗೀಯ ಪೀಠವನ್ನು ತೋರಿಸುತ್ತವೆ. ಬೇಡದ ಬಾಲ ಎಂದುಕೊಂಡು ಅವನ್ನು ಕತ್ತರಿಸಿದವರನ್ನು ನೋಡಿದ್ದೇನೆ. ಏಕಸದಸ್ಯ ಪೀಠದ ಮಾತಿಗಿಂತ ವಿಭಾಗೀಯ ಪೀಠದ ಮಾತಿಗೆ ತೂಕ ಹೆಚ್ಚು. ಆ ತೂಕವನ್ನು ತೋರಿಸುವ ಗುರುತು ಅದು.

ಹೈಕೋರ್ಟಿನ ಹಳೆಯ ವರದಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರ್ನಾಟಕದ ಸಂಕೇತ ಐಎಲ್‌ಆರ್‌ನಲ್ಲಿ `KAR`, ಎಐಆರ್‌ನಲ್ಲಿ `Kant`. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಗುವುದಕ್ಕೆ ಮುಂಚಿನ ಸಂಪುಟಗಳಲ್ಲಿ ಮೈಸೂರಿನ ಹೆಸರಿದೆ. ನಮ್ಮ ಅಭಿಮಾನಕ್ಕೆ ಅದನ್ನು ಕರ್ನಾಟಕ ಎಂದು ತಿದ್ದಿದರೆ ಗ್ರಂಥಾಲಯದಲ್ಲಿ ಆ ಸಂಪುಟ ಸಿಗುವುದಿಲ್ಲ. ಸಂಪುಟದ ಬೆನ್ನಿನ ಮೇಲೆ ಏನು ಅಚ್ಚಾಗಿದೆಯೋ ಅದೇ ಸರಿ.

ಇನ್ನು ವರ್ಷದ ವಿಚಾರ. ಅವಳ ಮೂರನೇ ಅಧ್ಯಾಯ ನಿಂತಿದ್ದು ಈ ತೀರ್ಪಿನ ಮೇಲೆ:

```
Nekkanti Rama Lakshmi v. State of Karnataka, (2020) 14 SCC 232
```

ಮಂಜೂರಾದ ಜಮೀನನ್ನು ವಾಪಸು ಕೊಡಿಸಿ ಎಂದು 5ನೇ ಕಲಮಿನ ಕೆಳಗೆ ಅರ್ಜಿ ಹಾಕಲು ಕಾಯ್ದೆ ಕಾಲಮಿತಿ ಹೇಳಿಲ್ಲ. ಹಾಗೆಂದು ಎಷ್ಟು ವರ್ಷ ಬಿಟ್ಟಾದರೂ ಹಾಕಬಹುದು ಎಂದಲ್ಲ, ಸಮಂಜಸ ಅವಧಿಯೊಳಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಇಲ್ಲಿ ಹೇಳಿತು. ಆವರಣದಲ್ಲಿ 2020 ಇರುವುದನ್ನು ನೋಡಿ ಅವಳು “2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ” ಎಂದು ಬರೆದಿದ್ದಳು. ತೀರ್ಪು ಬಂದದ್ದು 2017ರ ಅಕ್ಟೋಬರ್ 26ರಂದು. ಕಂಸದೊಳಗಿನ ವರ್ಷ ಸಂಪುಟದ್ದು, ತೀರ್ಪಿನದ್ದಲ್ಲ. ನಡುವಿನ ವರ್ಷಗಳಲ್ಲಿ ಈ ತೀರ್ಪನ್ನು ಅನುಸರಿಸಿದ ಆದೇಶಗಳನ್ನೂ ಅವಳು ಉಲ್ಲೇಖಿಸಿದ್ದಳು. ಓದುವವರಿಗೆ ಇನ್ನೂ ಹುಟ್ಟದ ತೀರ್ಪನ್ನು ಹೈಕೋರ್ಟ್ ಅನುಸರಿಸಿದಂತೆ ಕಾಣುತ್ತಿತ್ತು. ಕಾಲಕ್ರಮ ಮುಖ್ಯವಾದ ಕಡೆ ವಾಕ್ಯದಲ್ಲೇ ತೀರ್ಪಿನ ದಿನಾಂಕ ಹೇಳಿ, ವಿಳಾಸವನ್ನು ಅಡಿಟಿಪ್ಪಣಿಗೆ ಬಿಡುವುದು ಒಳ್ಳೆಯದು.

ಕಾಯ್ದೆಗಳಲ್ಲೂ ಇದೇ ಬಗೆಯ ಎರಡು ವರ್ಷಗಳಿವೆ. ಪಿಟಿಸಿಎಲ್ ಕಾಯ್ದೆಯ ಹೆಸರಿನಲ್ಲಿ 1978 ಎಂದಿದೆ, ಅದರ ಸಂಖ್ಯೆ ಮಾತ್ರ 1979ರ ಕರ್ನಾಟಕ ಅಧಿನಿಯಮ 2. ಭೂಸುಧಾರಣಾ ಕಾಯ್ದೆಯ ಹೆಸರಿನಲ್ಲಿ 1961, ಸಂಖ್ಯೆಯಲ್ಲಿ 1962ರ 10. ಬಾಡಿಗೆ ಕಾಯ್ದೆಗೆ 1999 ಎಂದು ಹೆಸರು, ಸಂಖ್ಯೆ 2001ರ 34. ಒಂದು ವರ್ಷ ತಪ್ಪಾಗಿ ಅಚ್ಚಾಗಿದೆ ಎಂದುಕೊಂಡು ಎರಡನ್ನೂ ಒಂದೇ ಮಾಡಬೇಡಿ. ಹೆಸರು ಮಸೂದೆಯ ಜೊತೆ ಬಂದದ್ದು. ಸಂಖ್ಯೆ ಅದು ಅಧಿನಿಯಮವಾದ ಮೇಲೆ ಬಿದ್ದದ್ದು. ಕೇಂದ್ರದ 1897ರ ಜನರಲ್ ಕ್ಲಾಸಸ್ ಕಾಯ್ದೆಯ 28ನೇ ಕಲಂ, ಕೇಂದ್ರದ ಕಾಯ್ದೆ ಮತ್ತು ನಿಯಮಗಳಲ್ಲಿ ಇನ್ನೊಂದು ಕಾನೂನನ್ನು ಹೆಸರಿನಿಂದಲೋ ಸಂಖ್ಯೆ ಮತ್ತು ವರ್ಷದಿಂದಲೋ ಉಲ್ಲೇಖಿಸಬಹುದು ಎನ್ನುತ್ತದೆ. ಪ್ರಬಂಧದಲ್ಲಿ ಮೊದಲ ಸಲ ಎರಡನ್ನೂ ಕೊಟ್ಟು, ಆಮೇಲೆ ಬರೀ ಚಿಕ್ಕ ಹೆಸರನ್ನು ಬಳಸುವುದು ನನ್ನ ಸಲಹೆ.

```
The Karnataka Scheduled Castes and Scheduled Tribes
(Prohibition of Transfer of Certain Lands) Act, 1978
(Karnataka Act 2 of 1979) ("PTCL Act")
```

ಇಷ್ಟು ಬರೆದರೂ ಒಂದು ಮುಖ್ಯ ಸಂಗತಿ ಬಾಕಿ ಉಳಿಯುತ್ತದೆ. ಕಾಯ್ದೆ ಯಾವ ದಿನ ಹೇಗಿತ್ತು? 2017ರ ತೀರ್ಪು 5ನೇ ಕಲಮಿನಲ್ಲಿ ಕಾಲಮಿತಿಯ ಮಾತೇ ಇಲ್ಲ ಎಂದು ಹೇಳಿತು. 2023ರಲ್ಲಿ ವಿಧಾನಮಂಡಲ ಆ ಕಲಮಿಗೆ ಹೊಸ ಖಂಡಗಳನ್ನು ಸೇರಿಸಿ, ಇಂಥ ಅರ್ಜಿಗಳಿಗೆ ಕಾಲಮಿತಿಯ ಅಡ್ಡಿಯಿಲ್ಲ ಎಂದು ಬರೆಯಿತು. ಅದು 2023ರ ಕರ್ನಾಟಕ ಅಧಿನಿಯಮ 30. ಈಗ ಪ್ರಬಂಧದಲ್ಲಿ ಬರೀ ‘5ನೇ ಕಲಂ’ ಎಂದು ಬರೆದರೆ ಯಾವ 5ನೇ ಕಲಂ? ಓದುವವರು ಇಂಡಿಯಾ ಕೋಡ್ ತಾಣದಲ್ಲಿ ಇಂದಿನ ಪಠ್ಯ ತೆರೆದು, ಕಾಲಮಿತಿಯ ಬಗ್ಗೆ ಸ್ಪಷ್ಟವಾಗಿ ಬರೆದಿದೆಯಲ್ಲ, ಸುಪ್ರೀಂ ಕೋರ್ಟ್ ಇಲ್ಲ ಎಂದದ್ದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ತೀರ್ಪನ್ನು ಚರ್ಚಿಸುವ ಕಡೆ ‘2023ರ ತಿದ್ದುಪಡಿಗೆ ಮುಂಚೆ ಇದ್ದಂತೆ’ ಎಂದೂ, ಹೊಸ ಖಂಡವನ್ನು ಚರ್ಚಿಸುವ ಕಡೆ ಅದನ್ನು ಸೇರಿಸಿದ ಅಧಿನಿಯಮದ ಸಂಖ್ಯೆಯನ್ನೂ ಟಿಪ್ಪಣಿಯಲ್ಲಿ ಕೊಡಬೇಕು. ಅವಳ ಪ್ರಬಂಧದಲ್ಲಿ ಇದನ್ನು ಸರಿಪಡಿಸಲು ಎರಡು ದಿನ ಹಿಡಿಯಿತು. ಉಳಿದ ತಪ್ಪುಗಳಿಗೆಲ್ಲ ಸೇರಿ ಅಷ್ಟು ಹೊತ್ತು ಬೇಕಾಗಲಿಲ್ಲ. ತನ್ನ ವಾದದಲ್ಲಿ ತೀರ್ಪು ಮತ್ತು ತಿದ್ದುಪಡಿ ಎದುರುಬದುರು ನಿಂತಿವೆ ಎನ್ನುವುದು ಅವಳಿಗೆ ಸರಿಯಾಗಿ ಕಂಡದ್ದೇ ಆ ಎರಡು ದಿನಗಳಲ್ಲಿ.

ನಿಯಮಗಳ ಮಾತು ಚಿಕ್ಕದು. ಕಾಯ್ದೆಯನ್ನು ಮಾಡುವುದು ಶಾಸಕಾಂಗ. ಕಾಯ್ದೆ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡುವುದು ನಿಯಮ. ಪಿಟಿಸಿಎಲ್ ಕಾಯ್ದೆಗೆ 1979ರ ನಿಯಮಗಳಿವೆ. ಹೆಸರಿನ ಕೊನೆಯ ಒಂದು ಪದ ಮತ್ತು ವರ್ಷ ಬಿಟ್ಟರೆ ಎರಡರ ಹೆಸರೂ ಒಂದೇ. ಚಿಕ್ಕ ಹೆಸರು ಕೊಡುವಾಗ ಎರಡಕ್ಕೂ ‘ಪಿಟಿಸಿಎಲ್’ ಎಂದಷ್ಟೇ ಬರೆದರೆ ಯಾವುದು ಯಾವುದೆಂದು ತಿಳಿಯದು; ಒಂದು ಪಿಟಿಸಿಎಲ್ ಕಾಯ್ದೆ, ಇನ್ನೊಂದು ಪಿಟಿಸಿಎಲ್ ನಿಯಮಗಳು. ನಿಯಮಕ್ಕೆ ಕಲಂ ಇರುವುದಿಲ್ಲ, ‘ನಿಯಮ 3’, ‘ಉಪನಿಯಮ 2’ ಎಂದೇ ಬರೆಯಬೇಕು. ಮೊದಲ ಉಲ್ಲೇಖದಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಇದ್ದರೆ ಹುಡುಕುವವರಿಗೆ ದಾರಿ ಸಲೀಸು.

ಕನ್ನಡದಲ್ಲೇ ಪ್ರಬಂಧ ಬರೆಯುವವರಿಗೆ ಇನ್ನೊಂದು ಮಾತು ಹೇಳಬೇಕು. ಕಾಯ್ದೆಗಳ ಕನ್ನಡ ಪಠ್ಯದಲ್ಲಿ ಸೆಕ್ಷನ್ನಿಗೆ ‘ಪ್ರಕರಣ’ ಎಂಬ ಪದವಿದೆ. ಪತ್ರಿಕೆಯಲ್ಲಿ, ಕೋರ್ಟಿನ ಆವರಣದಲ್ಲಿ ಪ್ರಕರಣ ಎಂದರೆ ಕೇಸು. ‘ಆ ಪ್ರಕರಣದಲ್ಲಿ 4ನೇ ಪ್ರಕರಣದ ಪ್ರಕಾರ’ ಎಂದು ಬರೆದ ವಾಕ್ಯವನ್ನು ನಾನು ಎರಡು ಸಲ ಓದಬೇಕಾಯಿತು. ಸೆಕ್ಷನ್ನಿಗೆ ಕಲಂ, ಕೇಸಿಗೆ ಪ್ರಕರಣ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಆಯಿತು. ಕಾಯ್ದೆಯ ಪಠ್ಯವನ್ನು ಉದ್ಧರಿಸುವಾಗ ಮಾತ್ರ ಅಲ್ಲಿರುವ ಪದವನ್ನೇ ಉಳಿಸಬೇಕು. ವಾದಿ ಪ್ರತಿವಾದಿಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೂ ವರದಿಯ ಸಂಕೇತವನ್ನು ಅಚ್ಚಾದ ಲಿಪಿಯಲ್ಲೇ ಇಡಿ, ಏಕೆಂದರೆ ಹುಡುಕುವವರು ಟೈಪ್ ಮಾಡುವುದು ಅದನ್ನೇ.

ಎರಡನೇ ಸಲ ಅದೇ ತೀರ್ಪು ಬಂದಾಗ ಪೂರ್ತಿ ವಿಳಾಸ ಬೇಡ, ಚಿಕ್ಕ ಹೆಸರು ಸಾಕು. ಆದರೆ ‘ಕರ್ನಾಟಕ ರಾಜ್ಯ’ ಎಂದು ಚಿಕ್ಕದು ಮಾಡಬೇಡಿ. ಪಿಟಿಸಿಎಲ್ ವ್ಯಾಜ್ಯಗಳಲ್ಲಿ ಹೆಚ್ಚಿನವುಗಳಲ್ಲಿ ಕರ್ನಾಟಕ ರಾಜ್ಯ ಒಬ್ಬ ಪಕ್ಷಗಾರ. ಮಂಚೇಗೌಡ, ನೆಕ್ಕಂಟಿ ಎಂಬ ಹೆಸರುಗಳನ್ನೇ ಹಿಡಿಯಬೇಕು. ಹೆಸರೂ ಸಾಲದ ಸಂದರ್ಭಗಳಿವೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ ಖಾಸಗಿತನದ ತೀರ್ಪೂ ಇದೆ, ಆಧಾರ್ ತೀರ್ಪೂ ಇದೆ. ಬರೀ ‘ಪುಟ್ಟಸ್ವಾಮಿ’ ಎಂದರೆ ಯಾವುದು? ಅಲ್ಲಿ ಹೆಸರಿನ ಜೊತೆ ವಿಷಯವನ್ನೂ ಸೇರಿಸಬೇಕು.

‘ಐಬಿಡ್’ ಎಂಬ ಪದವನ್ನು ಕರಡು ಮುಗಿಯುವವರೆಗೆ ಬಳಸಲೇಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದರ ಅರ್ಥ ‘ಮೇಲಿನ ಟಿಪ್ಪಣಿಯಲ್ಲಿರುವುದೇ’ ಎಂದು. ನಡುವೆ ಹೊಸ ಟಿಪ್ಪಣಿಯೊಂದು ಬಂದು ಸೇರಿದರೆ ಮೇಲಿನದು ಬೇರೆಯಾಗುತ್ತದೆ, ಐಬಿಡ್ ಮಾತ್ರ ಅಲ್ಲೇ ನಿಂತಿರುತ್ತದೆ. ‘ಟಿಪ್ಪಣಿ 12 ನೋಡಿ’ ಎಂದು ಕೈಯಲ್ಲಿ ಬರೆದ ಸಂಖ್ಯೆಗೂ ಇದೇ ಗತಿ. ವರ್ಡ್ ತಂತ್ರಾಂಶದಲ್ಲಿ `Cross-reference` ಎಂಬ ಸೌಲಭ್ಯದಿಂದ ಆ ಸಂಖ್ಯೆಯನ್ನು ಸೇರಿಸಿದರೆ ಅದು ತಾನಾಗಿ ಬದಲಾಗಬಲ್ಲದು. `Ctrl+A` ಒತ್ತಿ `F9` ಒತ್ತಿದಾಗ ಸಂಖ್ಯೆಗಳು ಹೊಸದಾಗುತ್ತವೆ. ಇಲ್ಲೊಂದು ಎಚ್ಚರ ಬೇಕು: ಪುಟದ ಮೇಲಿನ ಪಠ್ಯದಲ್ಲಿ ನಿಂತು ಹೀಗೆ ಮಾಡಿದರೆ ಅಡಿಟಿಪ್ಪಣಿಗಳೊಳಗಿನ ಸಂಖ್ಯೆಗಳು ಬದಲಾಗುವುದಿಲ್ಲ. ಯಾವುದಾದರೂ ಒಂದು ಅಡಿಟಿಪ್ಪಣಿಯೊಳಗೆ ಕ್ಲಿಕ್ ಮಾಡಿ ಅಲ್ಲಿಂದ ಇನ್ನೊಮ್ಮೆ ಮಾಡಬೇಕು. ಬೈಂಡಿಂಗ್ ಆದ ಮೇಲೆ ಇದನ್ನು ಕಂಡುಕೊಂಡು ಅತ್ತವರಿದ್ದಾರೆ.

ಕೊನೆಗೆ ಆ ವಿದ್ಯಾರ್ಥಿನಿ ಒಂದು ಕೋಷ್ಟಕ ಮಾಡಿದಳು. ಪ್ರತಿ ತೀರ್ಪಿಗೆ ಒಂದೇ ಸಾಲು. ಪೂರ್ತಿ ಹೆಸರು, ಚಿಕ್ಕ ಹೆಸರು, ತೀರ್ಪಿನ ದಿನಾಂಕ, ತಾನು ತೆರೆದು ಓದಿದ ವರದಿ, ಬಳಸಿದ ಪ್ಯಾರಾಗಳು. ದಿನಾಂಕದ ಕಂಬವನ್ನು ಕ್ರಮವಾಗಿ ಜೋಡಿಸಿದ ಕೂಡಲೇ ಇನ್ನೂ ಎರಡು ಜೋಡಿಗಳು ಅಕ್ಕಪಕ್ಕ ಬಂದು ನಿಂತವು. ಅವೂ ಒಂದೇ ತೀರ್ಪಿನ ಎರಡೆರಡು ವಿಳಾಸಗಳು. ಹೆಸರಿನ ಕಾಗುಣಿತ ಮೋಸ ಮಾಡಬಹುದು, ದಿನಾಂಕ ಅಷ್ಟು ಸುಲಭವಾಗಿ ಮಾಡುವುದಿಲ್ಲ.

ಪ್ರಬಂಧ ಒಪ್ಪಿಸಲು ಹೊರಟವರು ಒಂದು ಕೆಲಸ ಮಾಡಿ. ವಿಷಯ ಗೊತ್ತಿಲ್ಲದ ಗೆಳೆಯರೊಬ್ಬರ ಕೈಗೆ ನಿಮ್ಮ ಹತ್ತು ಅಡಿಟಿಪ್ಪಣಿಗಳನ್ನು ಕೊಟ್ಟು ಗ್ರಂಥಾಲಯಕ್ಕೆ ಕಳಿಸಿ, ಜೊತೆಗೆ ಹೋಗಬೇಡಿ. ಹತ್ತಕ್ಕೆ ಹತ್ತೂ ಪ್ಯಾರಾಗಳನ್ನು ಅವರು ತೆರೆದು ತೋರಿಸಿದರೆ ಪ್ರಬಂಧವನ್ನು ಬೈಂಡಿಂಗಿಗೆ ಕೊಡಬಹುದು.